ಆಫೀಸ್ ಕಿಟಕಿಯಿಂದ ಶುರುವಾಗುವ ಚಾಟ್‌ಬಾಟ್

ಪದವಿ ಕಾಲೇಜಿನ ಆಫೀಸ್ ಕಿಟಕಿಯ ಪಕ್ಕ ಅಡ್ಮಿಷನ್ ದಿನಗಳಲ್ಲಿ ಅರ್ಧ ತಾಸು ನಿಂತರೆ ಸಾಕು, ಒಂದೇ ಪ್ರಶ್ನೆ ಎಷ್ಟು ಬಾಯಲ್ಲಿ ಬರುತ್ತದೆ ಎಂಬುದು ಕಿವಿಗೆ ಬೀಳುತ್ತದೆ. 'ಮೇಡಂ, ಟಿಸಿ ಯಾವಾಗ ಕೊಡ್ತೀರಿ?' 'ಸರ್, ಫೀಸು ಎರಡು ಕಂತಲ್ಲಿ ಕಟ್ಬಹುದಾ?' 'ಎಸ್‌ಎಸ್‌ಪಿಗೆ ಅರ್ಜಿ ಹಾಕೋಕೆ ಸ್ಟಡಿ ಸರ್ಟಿಫಿಕೇಟ್ ಬೇಕಾ?' 'ಯುಯುಸಿಎಂಎಸ್ ಪಾಸ್‌ವರ್ಡ್ ಮರೆತುಹೋಗಿದೆ, ಏನ್ಮಾಡ್ಲಿ?' ಒಳಗಿರುವ ಗುಮಾಸ್ತರು ಬೆಳಿಗ್ಗೆ ನಗುಮುಖದಿಂದ ಕೊಟ್ಟ ಉತ್ತರವನ್ನೇ ಮಧ್ಯಾಹ್ನದ ಹೊತ್ತಿಗೆ ಮೂವತ್ತನೆಯ ಸಲ ಹೇಳುತ್ತಿರುತ್ತಾರೆ.

ಕೊನೆಯ ವರ್ಷದ ಬಿಸಿಎ ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ 'ಕ್ಯಾಂಪಸ್ ಚಾಟ್‌ಬಾಟ್' ಆರಿಸಿಕೊಳ್ಳಲು ಇದೇ ಕಾರಣ. ಫೋನಿನಲ್ಲಿ ಪ್ರಶ್ನೆ ಟೈಪ್ ಮಾಡಿದರೆ ಉತ್ತರ ಬರಬೇಕು, ಕಿಟಕಿಯ ಸಾಲು ಚಿಕ್ಕದಾಗಬೇಕು. ಕೈಯಲ್ಲಿರುವುದು ಒಂದು ಸೆಮಿಸ್ಟರ್, ಅಂದರೆ ಸುಮಾರು 16 ವಾರ. ಇಷ್ಟರಲ್ಲಿ ಇಂಥದ್ದೊಂದನ್ನು ಕಟ್ಟುವುದು ಖಂಡಿತ ಸಾಧ್ಯ. ಆದರೆ ಬಹಳಷ್ಟು ತಂಡಗಳು ಮೊದಲ ವಾರದಲ್ಲೇ ಲ್ಯಾಪ್‌ಟಾಪ್ ತೆರೆದು ಕೋಡ್ ಬರೆಯಲು ಕೂರುತ್ತವೆ, ಜನ ಏನು ಕೇಳುತ್ತಾರೆ ಎಂಬುದನ್ನು ತಾವೇ ಊಹಿಸಿಕೊಳ್ಳುತ್ತವೆ. ವೈವಾ ದಿನ ಆ ಬಾಟ್ ಚೆನ್ನಾಗಿ ಮಾತಾಡುತ್ತದೆ. ಮರುದಿನ ಮೊದಲ ವರ್ಷದ ಹುಡುಗನೊಬ್ಬ ತನ್ನ ಭಾಷೆಯಲ್ಲಿ ಕೇಳಿದಾಗ ತಡವರಿಸುತ್ತದೆ.

ಹಾಗಾಗಿ ಇಲ್ಲಿ ಹೇಳುವ ಯೋಜನೆಯಲ್ಲಿ ಮೊದಲ ನಾಲ್ಕು ವಾರ ಕೋಡ್ ಇಲ್ಲ. ನಾಲ್ಕು ಜನರ ಒಂದು ತಂಡವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುಂದೆ ಆ ತಂಡದ ಬಗ್ಗೆ ಬರುವ ಸಂಖ್ಯೆಗಳು ಲೆಕ್ಕ ತಿಳಿಯಲೆಂದು ಹಾಕಿಕೊಂಡವು. ಆದರೆ ಕೆಲಸದ ಕ್ರಮ ಯಾವ ಕಾಲೇಜಿಗೂ ಹೊಂದುವಂಥದ್ದು.

ಮೊದಲ ನಾಲ್ಕು ವಾರ ತಂಡದ ಒಬ್ಬೊಬ್ಬರು ಸರದಿಯ ಮೇಲೆ ದಿನಕ್ಕೊಂದು ಗಂಟೆ ಕಿಟಕಿಯ ಒಳಗೆ, ಗುಮಾಸ್ತರ ಪಕ್ಕ ಕೂರುತ್ತಾರೆ. ಕೈಯಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ನಾಲ್ಕು ಕಾಲಂ. ಕೇಳಿದವರ ಮಾತು ಇದ್ದಂತೆಯೇ ಒಂದರಲ್ಲಿ, ತಾರೀಖು ಇನ್ನೊಂದರಲ್ಲಿ, ಗುಮಾಸ್ತರು ಕೊಟ್ಟ ಉತ್ತರ ಮೂರನೆಯದರಲ್ಲಿ. ನಾಲ್ಕನೆಯ ಕಾಲಂನಲ್ಲಿ ಬರೆಯಬೇಕಾದ್ದು ಒಂದೇ ಸಂಗತಿ: ಉತ್ತರ ಕೊಡಲು ಅವರು ಫೈಲನ್ನೋ ರಿಜಿಸ್ಟರನ್ನೋ ಕಂಪ್ಯೂಟರನ್ನೋ ನೋಡಿದರೇ, ಇಲ್ಲವೇ?

ನೋಡಲು ಸಣ್ಣದಾದರೂ ಇಡೀ ಪ್ರಾಜೆಕ್ಟಿನ ಗಡಿ ಗೊತ್ತಾಗುವುದು ಈ ಕಾಲಂನಿಂದ. ಫೈಲು ನೋಡದೆ ಹೇಳಿದ ಉತ್ತರ ಎಲ್ಲರಿಗೂ ಒಂದೇ. ಅದನ್ನು ಬಾಟ್ ಹೇಳಬಹುದು. 'ನನ್ನ ಸ್ಕಾಲರ್‌ಶಿಪ್ ಅರ್ಜಿ ಎಲ್ಲಿಗೆ ಬಂತು?' ಎಂದಾಗ ಗುಮಾಸ್ತರು ಕಂಪ್ಯೂಟರ್ ನೋಡಲೇಬೇಕು. ಆ ಉತ್ತರ ಒಬ್ಬ ವಿದ್ಯಾರ್ಥಿಯ ಖಾಸಗಿ ಮಾಹಿತಿ. ಕೇಳುತ್ತಿರುವವರು ನಿಜಕ್ಕೂ ಆತನೇ ಎಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಕಟ್ಟುವುದು ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸವಲ್ಲ, ಅದನ್ನು ಹೊರಗಿಡುವುದೇ ಸರಿ. ಅಂಥ ಪ್ರಶ್ನೆ ಬಂದರೆ ಎಲ್ಲಿ ವಿಚಾರಿಸಬೇಕೆಂದು ಬಾಟ್ ತಿಳಿಸಿದರೆ ಸಾಕು. ಇದೇ ಕಾರಣಕ್ಕೆ ನೋಟ್‌ಬುಕ್ಕಿನಲ್ಲಿ ಯಾರ ಹೆಸರನ್ನೂ ರಿಜಿಸ್ಟರ್ ನಂಬರನ್ನೂ ಬರೆದುಕೊಳ್ಳಬಾರದು.

ಕಿಟಕಿಯಲ್ಲಿ ಜನ ಮಾತಾಡುತ್ತಾರೆ, ಫೋನಿನಲ್ಲಿ ಟೈಪ್ ಮಾಡುತ್ತಾರೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಬಾಯಲ್ಲಿ 'ಟಿಸಿ ಯಾವಾಗ ಸಿಗುತ್ತೆ ಮೇಡಂ' ಎಂದವರೇ ಫೋನಿನಲ್ಲಿ `tc yavag sigutte` ಎಂದು ಒತ್ತುತ್ತಾರೆ. ಅದಕ್ಕಾಗಿ ನೋಟಿಸ್ ಬೋರ್ಡಿನಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿದರೆ 'ಆಫೀಸಿನಲ್ಲಿ ಏನು ಕೇಳಬೇಕಿದೆ?' ಎಂಬ ಒಂದೇ ಪ್ರಶ್ನೆಯ ಫಾರ್ಮ್ ತೆರೆಯುವಂತೆ ಮಾಡಬೇಕು. ನೋಟ್‌ಬುಕ್ಕು ಮತ್ತು ಫಾರ್ಮ್ ಎರಡೂ ಸೇರಿ ನಮ್ಮ ತಂಡದ ಕೈಗೆ ತಿಂಗಳ ಕೊನೆಗೆ 600 ಪ್ರಶ್ನೆಗಳು ಬಂದವು ಎಂದುಕೊಳ್ಳೋಣ.

ಐದು ಮತ್ತು ಆರನೆಯ ವಾರ ಈ 600ನ್ನು ಗುಂಪು ಮಾಡುವ ಕೆಲಸ. ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ದೊಡ್ಡ ಮೇಜಿನ ಮೇಲೆ ಹರಡಿಕೊಂಡರೆ ಕಂಪ್ಯೂಟರಿಗಿಂತ ಸಲೀಸು. ನಿಯಮ ಒಂದೇ: ಒಂದೇ ಉತ್ತರ ಸಾಕಾಗುವ ಪ್ರಶ್ನೆಗಳು ಒಂದೇ ಗುಂಪು. 'ಟಿಸಿ ಯಾವಾಗ ಸಿಗುತ್ತೆ' ಮತ್ತು 'ಟಿಸಿಗೆ ಏನೇನು ತರಬೇಕು' ಎರಡರ ವಿಷಯವೂ ಟಿಸಿಯೇ, ಆದರೆ ಉತ್ತರ ಬೇರೆ, ಹಾಗಾಗಿ ಗುಂಪೂ ಬೇರೆ. ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಅದೇ ಚೀಟಿಗಳನ್ನು ವಿಂಗಡಿಸಿ, ಆಮೇಲೆ ಹೋಲಿಸಿ ನೋಡಬೇಕು. ಎಲ್ಲಿ ಇಬ್ಬರ ವಿಂಗಡಣೆ ಬೇರೆಯಾಗಿದೆಯೋ ಅಲ್ಲಿ ಗುಂಪಿನ ಗೆರೆ ಮಸುಕಾಗಿದೆ ಎಂದರ್ಥ. ಮನುಷ್ಯರಿಗೇ ಒಪ್ಪಿಗೆಯಾಗದ ಗೆರೆಯನ್ನು ಕಂಪ್ಯೂಟರ್ ಕಲಿಯಲಾರದು. ಕೊನೆಗೆ 30 ಗುಂಪು ಉಳಿದರೆ ಅದು ಹದವಾದ ಸಂಖ್ಯೆ.

ಇದೇ ಹೊತ್ತಿನಲ್ಲಿ ಉತ್ತರಗಳ ಹಾಳೆಯೂ ಸಿದ್ಧವಾಗಬೇಕು. ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಗುಂಪಿಗೆ ಒಂದು ಸಾಲು, ಅದರಲ್ಲಿ ಉತ್ತರ, ಆ ಉತ್ತರಕ್ಕೆ ಹೊಣೆಯಾದ ಸಿಬ್ಬಂದಿ ಯಾರು, ಮತ್ತು ಅದು ಯಾವ ತಾರೀಖಿನವರೆಗೆ ಸರಿ. ಈ ಕೊನೆಯ ತಾರೀಖನ್ನು ಬಿಟ್ಟ ಬಾಟ್‌ಗಳು ಹೋದ ವರ್ಷದ ಪರೀಕ್ಷಾ ಶುಲ್ಕದ ದಿನಾಂಕವನ್ನು ಈ ವರ್ಷವೂ ಹೇಳುತ್ತ ಕೂರುತ್ತವೆ. ತಾರೀಖು ಮೀರಿದ ಕೂಡಲೇ ಬಾಟ್ ಆ ಉತ್ತರವನ್ನು ತಡೆಹಿಡಿದು 'ಹೊಸ ದಿನಾಂಕ ಆಫೀಸಿನಿಂದ ಬರಬೇಕಿದೆ, ಕಿಟಕಿಯಲ್ಲಿ ವಿಚಾರಿಸಿ' ಎನ್ನುವಂತೆ ಮಾಡಲು ಎರಡು ಸಾಲಿನ ಕೋಡ್ ಸಾಕು.

ಉತ್ತರ ಯಾರ ಕೈಯಿಂದ ಬರಬೇಕು ಎಂಬುದನ್ನು ಇಲ್ಲೇ ತೀರ್ಮಾನಿಸಿಕೊಳ್ಳಬೇಕು. ಈಗ ದೊಡ್ಡ ಭಾಷಾ ಮಾದರಿಗಳು ಸುಲಭವಾಗಿ ಸಿಗುತ್ತವೆ, ಪ್ರಶ್ನೆಯನ್ನು ಅದಕ್ಕೇ ಕೊಟ್ಟು ಉತ್ತರವನ್ನೂ ಅದೇ ಬರೆಯಲಿ ಎಂದು ತಂಡಗಳಿಗೆ ಅನ್ನಿಸುವುದು ಸಹಜ. ಅಂಥವರು ಕೆನಡಾದ ಒಂದು ಪ್ರಕರಣವನ್ನು ತಿಳಿದಿರುವುದು ಒಳ್ಳೆಯದು. 2022ರಲ್ಲಿ ಅಜ್ಜಿ ತೀರಿಕೊಂಡಾಗ ಒಬ್ಬ ಪ್ರಯಾಣಿಕ ಏರ್ ಕೆನಡಾ ವೆಬ್‌ಸೈಟಿನ ಚಾಟ್‌ಬಾಟ್ ಹತ್ತಿರ ರಿಯಾಯಿತಿ ದರದ ಬಗ್ಗೆ ಕೇಳಿದ. ಮೊದಲು ಪೂರ್ತಿ ದರದಲ್ಲಿ ಟಿಕೆಟ್ ಕೊಂಡು ಆಮೇಲೆ 90 ದಿನಗಳೊಳಗೆ ಅರ್ಜಿ ಹಾಕಬಹುದು ಎಂದು ಬಾಟ್ ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ತನ್ನ ಬಾಟ್ ಹೇಳಿದ ಮಾತಿಗೆ ತಾನು ಹೊಣೆಯಲ್ಲ ಎಂಬರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಸುಮಾರು 812 ಕೆನಡಿಯನ್ ಡಾಲರ್ ಕೊಡಿಸಿತು. ಕಾಲೇಜಿನ ಹೆಸರಿನಲ್ಲಿ ಮಾತಾಡುವ ಬಾಟ್ ಫೀಸಿನ ಕೊನೆಯ ದಿನ ತಪ್ಪು ಹೇಳಿ, ಅದನ್ನು ನಂಬಿದವರು ದಂಡ ಕಟ್ಟುವಂತಾದರೆ ಯಾರೂ ವಿದ್ಯಾರ್ಥಿಯನ್ನು ದೂರುವಂತಿಲ್ಲ. ಆದ್ದರಿಂದ ನಮ್ಮ ತಂಡದ ಬಾಟ್ ಒಂದು ವಾಕ್ಯವನ್ನೂ ತಾನಾಗಿ ಕಟ್ಟುವುದಿಲ್ಲ. ಪ್ರಶ್ನೆ ಯಾವ ಗುಂಪಿನದು ಎಂದು ಗುರುತಿಸುವುದಷ್ಟೇ ಅದರ ಕೆಲಸ, ಉತ್ತರ ಹಾಳೆಯಿಂದ ಅಕ್ಷರಶಃ ಬರುತ್ತದೆ.

ಏಳನೆಯ ವಾರ ಲ್ಯಾಪ್‌ಟಾಪ್ ತೆರೆಯುತ್ತದೆ. ಮೊದಲ ಕೆಲಸ 600 ಪ್ರಶ್ನೆಗಳನ್ನು ಮೂರು ಪಾಲು ಮಾಡುವುದು. 360 ಪ್ರಶ್ನೆ ಕಲಿಸಲು, 120 ಹದ ನೋಡಲು, ಉಳಿದ 120 ಮುಚ್ಚಿದ ಲಕೋಟೆಗೆ. ಲಕೋಟೆಯದನ್ನು ಗೈಡ್ ಕೈಗೆ ಕೊಟ್ಟು ಕೊನೆಯವರೆಗೆ ಮರೆತುಬಿಡಬೇಕು. ಇದಕ್ಕೆ ಆರಿಸುವಾಗ ಕಡೆಯ ವಾರ ಬಂದ ಪ್ರಶ್ನೆಗಳನ್ನೇ ತೆಗೆದುಕೊಂಡರೆ ಉತ್ತಮ, ಏಕೆಂದರೆ ಬಾಟ್ ಮುಂದೆ ಎದುರಿಸಬೇಕಾದ್ದೂ ಇನ್ನೂ ಕೇಳದ ಪ್ರಶ್ನೆಗಳನ್ನೇ. ಒಬ್ಬನೇ ವಿದ್ಯಾರ್ಥಿ ಫಾರ್ಮಿನಲ್ಲಿ ಎರಡು ಸಲ ಕೇಳಿದ ಒಂದೇ ಪ್ರಶ್ನೆ ಕಲಿಸುವ ಪಾಲಿಗೊಂದು, ಲಕೋಟೆಗೊಂದು ಹೋಗಿಬಿಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದ ಹಾಗೆ. ತಂಡದವರು ತಾವೇ ಕಟ್ಟಿದ ಪ್ರಶ್ನೆಗಳಿಂದ ಪರೀಕ್ಷೆ ಮಾಡಿದಾಗ ನೂರಕ್ಕೆ 95 ಸರಿ ಬಂದು, ನಿಜವಾದ ಬಳಕೆಯಲ್ಲಿ ಅದು ದಿಢೀರ್ ಕುಸಿಯುವುದು ಬಹುಪಾಲು ಇಂಥ ಸೋರಿಕೆಯಿಂದಲೇ.

ಕನ್ನಡದ ನಿಜವಾದ ಕಷ್ಟ ಎದುರಾಗುವುದು ಇಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಒಪ್ಪಿತ ಕಾಗುಣಿತವೇ ಇಲ್ಲ. 'ಯಾವಾಗ' ಎಂಬ ಒಂದು ಪದ `yavaga`, `yavag`, `yaavag`, `yawaga` ಎಂದೆಲ್ಲ ಬರುತ್ತದೆ. ಕಂಪ್ಯೂಟರ್ ಇಡೀ ಪದವನ್ನು ಹೋಲಿಸಿದರೆ ಇವು ನಾಲ್ಕು ಬೇರೆ ಬೇರೆ ಪದಗಳು. ಪದದ ಬದಲು ಎರಡು, ಮೂರು, ನಾಲ್ಕು ಅಕ್ಷರದ ತುಣುಕುಗಳನ್ನು ಹೋಲಿಸಿದರೆ ಚಿತ್ರ ಬದಲಾಗುತ್ತದೆ. `yavaga` ಮತ್ತು `yaavag` ಎರಡರಲ್ಲೂ `ya`, `av`, `va`, `ag`, `ava`, `vag` ಎಂಬ ತುಣುಕುಗಳಿವೆ, ಅಷ್ಟು ಸಾಕು ಹತ್ತಿರದವು ಎಂದು ತಿಳಿಯಲು. ಕನ್ನಡ ಲಿಪಿಯಲ್ಲಿ ಬರೆದಾಗಲೂ ಇದರಿಂದ ಲಾಭವಿದೆ: ಫೀಸು, ಫೀಸಿಗೆ, ಫೀಸನ್ನು ಎಂದು ವಿಭಕ್ತಿ ಬದಲಾದರೂ ಮೊದಲ ತುಣುಕುಗಳು ಹಾಗೇ ಉಳಿಯುತ್ತವೆ. ಪೈಥಾನ್‌ನ ಸೈಕಿಟ್-ಲರ್ನ್ ಎಂಬ ಉಚಿತ ಗ್ರಂಥಾಲಯದಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕೆಲವೇ ಕ್ಷಣಗಳಲ್ಲಿ ಕಲಿತು ಮುಗಿಸುತ್ತದೆ.

```python
from sklearn.pipeline import make_pipeline
from sklearn.feature_extraction.text import TfidfVectorizer
from sklearn.linear_model import LogisticRegression

m = make_pipeline(
    TfidfVectorizer(analyzer="char_wb", ngram_range=(2, 4)),
    LogisticRegression(max_iter=1000))
m.fit(prashne, gumpu)
p = m.predict_proba(["tc yavag sigutte"])[0]
```

`prashne` ಎಂದರೆ ಕಲಿಸುವ 360 ಪ್ರಶ್ನೆಗಳ ಪಟ್ಟಿ, `gumpu` ಎಂದರೆ ಅವುಗಳ ಗುಂಪಿನ ಹೆಸರು. ಆದರೆ ಈ ಉಪಾಯ ಎರಡು ಲಿಪಿಗಳ ನಡುವೆ ಸೇತುವೆ ಕಟ್ಟುವುದಿಲ್ಲ. 'ಟಿಸಿ' ಮತ್ತು `tc` ಎರಡರಲ್ಲಿ ಸಮಾನವಾದ ತುಣುಕು ಒಂದೂ ಇಲ್ಲ. ಪ್ರತಿ ಗುಂಪಿನಲ್ಲೂ ಎರಡೂ ಲಿಪಿಯ ಪ್ರಶ್ನೆಗಳು ಇರುವಂತೆ ನೋಡಿಕೊಳ್ಳಲೇಬೇಕು. ನೋಟಿಸ್ ಬೋರ್ಡಿನ ಫಾರ್ಮ್ ಎಷ್ಟು ಮುಖ್ಯ ಎಂಬುದು ಈಗ ಅರ್ಥವಾಗುತ್ತದೆ.

ಕೊನೆಯ ಸಾಲು 30 ಗುಂಪುಗಳಿಗೂ ಒಂದೊಂದು ಸಂಭವನೀಯತೆಯ ಅಂಕ ಕೊಡುತ್ತದೆ, ಎಲ್ಲ ಕೂಡಿ ಒಂದು. ಮೊದಲ ಸಲ ಇದನ್ನು ನೋಡಿದ ತಂಡ ಗಾಬರಿಯಾಗುವುದುಂಟು: ಸರಿಯಾದ ಗುಂಪಿಗೂ 0.2, 0.3 ಅಷ್ಟೇ ಬಂದಿರುತ್ತದೆ. ಗಾಬರಿ ಬೇಡ. ಮೂವತ್ತು ಗುಂಪಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಸಿಗುವುದು 0.03 ಮಾತ್ರ. ಪ್ರತಿ ಗುಂಪಿಗೂ ಹತ್ತು ಹನ್ನೆರಡು ಉದಾಹರಣೆಗಳಷ್ಟೇ ಇದ್ದಾಗ ಈ ಲೆಕ್ಕಾಚಾರ ಎಚ್ಚರಿಕೆಯಿಂದಲೇ ಅಂಕ ಹಂಚುತ್ತದೆ. ಪುಸ್ತಕದಲ್ಲಿ ಓದಿದ 0.7 ಎಂಬ ಗಡಿಯನ್ನು ಇಲ್ಲಿ ಹಾಕಿದರೆ ಬಾಟ್ ಬಾಯೇ ಬಿಡುವುದಿಲ್ಲ.

ಹಾಗಾದರೆ ಗಡಿ ಎಲ್ಲಿ? ಹದ ನೋಡಲು ಇಟ್ಟ 120 ಪ್ರಶ್ನೆಗಳು ಬೇಕಾಗುವುದು ಇದಕ್ಕೇ. ಗಡಿಯೇ ಇಲ್ಲದೆ ಎಲ್ಲಕ್ಕೂ ಉತ್ತರಿಸಿದಾಗ 88 ಸರಿ, 32 ತಪ್ಪು ಬಂದವು ಎನ್ನಿ. ಮೊದಲ ಸ್ಥಾನದ ಅಂಕ 0.12ಕ್ಕಿಂತ ಕಡಿಮೆ ಇದ್ದರೆ 'ಇದು ನನಗೆ ಖಚಿತವಿಲ್ಲ, ಆಫೀಸಿನಲ್ಲಿ ಕೇಳಿ' ಎನ್ನುವಂತೆ ಮಾಡಿದಾಗ 80 ಸರಿ, 10 ತಪ್ಪು, 30 ಪ್ರಶ್ನೆ ಆಫೀಸಿಗೆ. ಗಡಿಯನ್ನು 0.25ಕ್ಕೆ ಏರಿಸಿದಾಗ 60 ಸರಿ, 2 ತಪ್ಪು, 58 ಆಫೀಸಿಗೆ. ಯಾವುದು ಒಳ್ಳೆಯದು ಎಂಬುದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಈ ಮೂರು ಸಾಲನ್ನು ಬರೆದುಕೊಂಡು ಗುಮಾಸ್ತರ ಹತ್ತಿರವೇ ಹೋಗಬೇಕು. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದು ತಪ್ಪಿದರೆ ಒಂದು ಓಡಾಟ ವ್ಯರ್ಥ, ಅಷ್ಟೇ. ಪರೀಕ್ಷಾ ಶುಲ್ಕದ ಕೊನೆಯ ದಿನ ತಪ್ಪಿದರೆ ಒಂದು ಸೆಮಿಸ್ಟರೇ ಹೋಗಬಹುದು. ಹೀಗಾಗಿ ದುಡ್ಡು ಮತ್ತು ದಿನಾಂಕದ ಗುಂಪುಗಳಿಗೆ 0.25, ಉಳಿದವಕ್ಕೆ 0.12 ಎಂದು ಎರಡು ಗಡಿ ಇಡುವುದು ವಿವೇಕದ ದಾರಿ.

ಗಡಿ ಎಷ್ಟು ಏರಿಸಿದರೂ ಉಳಿಯುವ ತಪ್ಪುಗಳೂ ಇವೆ. 'ಹಾಲ್ ಟಿಕೆಟ್ ಯಾವಾಗ ಬರುತ್ತೆ' ಮತ್ತು 'ಹಾಲ್ ಟಿಕೆಟ್ ಇನ್ನೂ ಬಂದಿಲ್ಲ' ಎಂಬ ಎರಡು ಸಾಲುಗಳಲ್ಲಿ ಹೆಚ್ಚಿನ ತುಣುಕುಗಳು ಒಂದೇ. ಮೊದಲನೆಯವರಿಗೆ ದಿನಾಂಕ ಬೇಕು. ಎರಡನೆಯವರು ನಾಳೆ ಬೆಳಿಗ್ಗೆ ಪರೀಕ್ಷೆ ಇಟ್ಟುಕೊಂಡು ಆತಂಕದಲ್ಲಿ ಕೇಳುತ್ತಿರಬಹುದು. ಯಾವ ಗುಂಪನ್ನು ಯಾವುದೆಂದು ತಪ್ಪು ತಿಳಿಯಿತು ಎಂಬ ಕೋಷ್ಟಕ ಹಾಕಿದರೆ ಇಂಥ ಜೋಡಿಗಳು ತಾವಾಗಿ ಎದ್ದು ಕಾಣುತ್ತವೆ. ಇನ್ನಷ್ಟು ಉದಾಹರಣೆ ತುಂಬಿ ಹೆಣಗುವ ಬದಲು ಎರಡನ್ನೂ ಒಂದೇ ಗುಂಪು ಮಾಡಿ, ಬಾಟ್ ತಿರುಗಿ ಕೇಳುವಂತೆ ಮಾಡಿದರೆ ಮುಗಿಯಿತು: 'ದಿನಾಂಕ ತಿಳಿಯಬೇಕೇ? ಎಲ್ಲರಿಗೂ ಬಂದು ನಿಮಗೆ ಬಂದಿಲ್ಲವೇ?' ಎರಡು ಬಟನ್, ಒಂದು ಒತ್ತು.

ಬಾಟ್ ಎಲ್ಲಿ ಕೂರಬೇಕು ಎಂಬುದಕ್ಕೆ ಹೆಚ್ಚು ಚರ್ಚೆ ಬೇಡ. ವಾಟ್ಸಾಪ್ ಎಲ್ಲರ ಬಳಿಯೂ ಇದೆ, ಆದರೆ ಅದರ ಅಧಿಕೃತ ದಾರಿಯಲ್ಲಿ ಸಂಸ್ಥೆಯ ಪರಿಶೀಲನೆ, ಶುಲ್ಕ ಎಲ್ಲ ಬರುತ್ತವೆ. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳಿಸಿದರೆ ಐದು ನಿಮಿಷದಲ್ಲಿ ಉಚಿತವಾಗಿ ಒಂದು ಬಾಟ್ ತೆರೆಯಬಹುದು. ಅದು ಕೊಡುವ ಟೋಕನ್ ಮನೆಯ ಕೀಲಿಯಿದ್ದಂತೆ, ಕೋಡ್ ಜೊತೆ ಗಿಟ್‌ಹಬ್‌ಗೆ ಹಾಕಿಬಿಡಬಾರದು. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಓಡಿಸಿದರೂ ನಡೆಯುತ್ತದೆ, ಆದರೆ ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗುವಂತೆ ಮಾಡಿಡಬೇಕು.

ಹತ್ತನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮೊದಲ ವರ್ಷದ ಒಂದೇ ಒಂದು ಸೆಕ್ಷನ್ನಿಗೆ ಬಾಟ್ ಕೊಟ್ಟು ನೋಡುವ ಸಮಯ. ಪ್ರಶ್ನೆಗಳು ದಾಖಲಾಗುತ್ತವೆ ಎಂದು ಮೊದಲ ಸಂದೇಶದಲ್ಲೇ ಹೇಳಬೇಕು. ದಾಖಲಾತಿಯಲ್ಲಿ ಹೆಸರು, ಫೋನ್ ನಂಬರ್ ಉಳಿಸಿಕೊಳ್ಳಬಾರದು. ಪ್ರತಿ ಸಂಜೆ ತಂಡದ ಒಬ್ಬರು ಆ ದಿನದ ಎಲ್ಲ ಸಂಭಾಷಣೆಯನ್ನು ಓದಬೇಕು, ಪೂರ್ತಿಯಾಗಿ. 'ಉತ್ತರ ಉಪಯೋಗವಾಯಿತೇ?' ಎಂಬ ಹೆಬ್ಬೆರಳಿನ ಬಟನ್ ನೆಚ್ಚಿಕೊಂಡರೆ ಸಾಲದು, ಅದನ್ನು ಒತ್ತುವವರು ಕಡಿಮೆ. ತಪ್ಪು ಉತ್ತರದ ನಿಜವಾದ ಗುರುತು ಬೇರೆ ಇದೆ: ಉತ್ತರ ಬಂದ ಒಂದೆರಡು ನಿಮಿಷದಲ್ಲಿ ಅದೇ ವ್ಯಕ್ತಿ ಅದನ್ನೇ ಬೇರೆ ಪದಗಳಲ್ಲಿ ಮತ್ತೆ ಕೇಳುತ್ತಾನೆ. `fees last date` ಎಂದವನು ಕೂಡಲೇ `exam fees kattoke kone dina yavdu` ಎಂದು ಬಿಡಿಸಿ ಬರೆದರೆ, ಮೊದಲ ಸಲ ಅವನಿಗೆ ಅಡ್ಮಿಷನ್ ಫೀಸಿನ ಉತ್ತರ ಹೋಗಿದೆ ಎಂದು ದಾಖಲೆ ತೆಗೆದು ನೋಡಿದರೆ ಗೊತ್ತಾಗುತ್ತದೆ. ಇಂಥ ಜೋಡಿಗಳನ್ನು ಆರಿಸಿ ತೆಗೆದು ಕಲಿಸುವ ಪಾಲಿಗೆ ಸೇರಿಸುವುದೇ ಹದಿಮೂರನೆಯ ವಾರದ ಕೆಲಸ.

ಗೊತ್ತಿಲ್ಲದ್ದನ್ನು ಮನುಷ್ಯರಿಗೆ ದಾಟಿಸಿ, ಅವರ ಉತ್ತರದಿಂದ ಕಲಿಯುವ ಈ ಕ್ರಮಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಅಟ್ಲಾಂಟಾದಲ್ಲಿದೆ. ಅಲ್ಲಿನ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ 2016ರ ಬೇಸಿಗೆಯಲ್ಲಿ ಪೌನ್ಸ್ ಎಂಬ ಬಾಟ್ ಶುರು ಮಾಡಿತು. ಸೀಟು ಸಿಕ್ಕ ಮೇಲೂ ಅರ್ಜಿ, ಸಾಲ, ಲಸಿಕೆಯ ದಾಖಲೆಗಳ ಗೊಂದಲದಲ್ಲಿ ತರಗತಿಗೇ ಬಾರದೆ ಉಳಿಯುವ ಹೊಸ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುವುದು ಉದ್ದೇಶ. ಮಾಮೂಲಿ ಎಸ್‌ಎಂಎಸ್‌ನಲ್ಲೇ ಅದು ಕೆಲಸ ಮಾಡಿತು. ಆ ಒಂದು ಬೇಸಿಗೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಉತ್ತರಗಳು ಹೋದವು. ಖಚಿತವಿಲ್ಲದ ಪ್ರಶ್ನೆಗಳು ಸಿಬ್ಬಂದಿಗೆ ಹೋಗುತ್ತಿದ್ದವು, ಅವರು ಕೊಟ್ಟ ಉತ್ತರ ಮುಂದಿನ ಬಾರಿಗೆ ಬಾಟ್‌ಗೆ ಸಿಗುತ್ತಿತ್ತು. ಬಾಟ್ ಪಡೆದವರು ಮತ್ತು ಪಡೆಯದವರು ಎಂದು ಎರಡು ಗುಂಪು ಮಾಡಿ ಹೋಲಿಸಿದಾಗ, ಅಲ್ಲಿಗೆ ಬರುವುದಾಗಿ ಒಪ್ಪಿದ್ದವರಲ್ಲಿ ನಿಜಕ್ಕೂ ದಾಖಲಾದವರ ಪ್ರಮಾಣ ಬಾಟ್ ಇದ್ದ ಗುಂಪಿನಲ್ಲಿ ಶೇಕಡಾ 3.3 ಅಂಶ ಹೆಚ್ಚಿತ್ತು.

ಹದಿನಾಲ್ಕನೆಯ ವಾರ ಗೈಡ್ ಲಕೋಟೆ ಬಿಚ್ಚುತ್ತಾರೆ. 120 ಪ್ರಶ್ನೆಗಳನ್ನು ಒಂದೇ ಸಲ ಓಡಿಸಿ, ಬಂದ ಫಲಿತಾಂಶವನ್ನು ಹಾಗೆಯೇ ವರದಿಯಲ್ಲಿ ಬರೆಯಬೇಕು. ಅಂಕ ಕಡಿಮೆ ಬಂತೆಂದು ಮತ್ತೆ ತಿದ್ದಿ ಅದೇ ಲಕೋಟೆಯ ಮೇಲೆ ಓಡಿಸಿದರೆ ಆ ಸಂಖ್ಯೆಗೆ ಬೆಲೆಯಿಲ್ಲ. ನೂರಕ್ಕೆ 65ಕ್ಕೆ ಸರಿ ಉತ್ತರ, 6 ತಪ್ಪು, ಉಳಿದದ್ದು ಆಫೀಸಿಗೆ ಎಂದು ಹೇಳಿ, ಆ ತಪ್ಪುಗಳು ಯಾವುವು ಎಂದು ಒಂದೊಂದಾಗಿ ತೋರಿಸಬಲ್ಲ ತಂಡಕ್ಕೆ ವೈವಾದಲ್ಲಿ ಹೆದರಿಕೆ ಇರುವುದಿಲ್ಲ.

ಕೊನೆಯ ಎರಡು ವಾರ ಹಸ್ತಾಂತರಕ್ಕೆ. ತಂಡದವರು ಪಾಸಾಗಿ ಹೊರಟುಹೋಗುತ್ತಾರೆ, ಬಾಟ್ ಉಳಿಯಬೇಕು. ಅದಕ್ಕೆ ಒಂದು ಪರೀಕ್ಷೆಯಿದೆ. ತಂಡದವರು ಯಾರೂ ಬಾಯಿ ಬಿಡದೆ ಪಕ್ಕದಲ್ಲಿ ನಿಂತಿರಬೇಕು. ಗುಮಾಸ್ತರು ತಾವೇ ಹಾಳೆ ತೆರೆದು, ಪರೀಕ್ಷಾ ಶುಲ್ಕದ ಸಾಲು ಹುಡುಕಿ, ಹೊಸ ದಿನಾಂಕ ಹಾಕಿ, 'ಯಾವಾಗಿನವರೆಗೆ ಸರಿ' ಎಂಬ ಕಾಲಂ ತಿದ್ದಬೇಕು. ಆಮೇಲೆ ತಮ್ಮ ಫೋನಿನಿಂದ ಬಾಟ್‌ಗೆ ಅದೇ ಪ್ರಶ್ನೆ ಕಳಿಸಿ ಹೊಸ ಉತ್ತರ ಬಂತೇ ನೋಡಬೇಕು. ಅವರು ಎಲ್ಲಿ ತಡೆದು ನಿಂತು 'ಇಲ್ಲಿ ಏನ್ ಒತ್ಬೇಕಪ್ಪಾ?' ಎಂದು ಕೇಳುತ್ತಾರೋ, ಅಲ್ಲಿಂದಲೇ ತಂಡದ ಕೊನೆಯ ವಾರದ ಕೆಲಸ ಶುರು.